ಆರು ಸಾವಿರ ಪದಗಳ ಮೇಸ್ತ್ರಿ

ಟೈಲ್ಸ್ ಕಾರ್ಖಾನೆಯ ಗ್ಲೇಜ್ ವಿಭಾಗದ ಮೇಸ್ತ್ರಿಗೆ ಆರು ಸಾವಿರದ ಇನ್ನೂರ ಹನ್ನೊಂದು ಸ್ಪ್ಯಾನಿಷ್ ಪದಗಳು ಬರುತ್ತಿದ್ದವು. ಇದು ಅವನು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ, ಅವನ ಫೋನು ಹೇಳಿದ ಲೆಕ್ಕ. ಕೇಳಿದವರಿಗೆ ಫೋನು ತೆಗೆದು ತೋರಿಸುತ್ತಿದ್ದ. ಕೇಳದವರಿಗೂ ತೋರಿಸುತ್ತಿದ್ದ. ಒಮ್ಮೆ ಶವಸಂಸ್ಕಾರಕ್ಕೆ ಹೋದಲ್ಲಿ ಸತ್ತವನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಆ ಸಂಖ್ಯೆ ನೋಡಿ ಬಂದರೆಂದು ಕಾರ್ಖಾನೆಯಲ್ಲಿ ಹೇಳುತ್ತಾರೆ.

ಎರಡು ವರ್ಷದ ಹಿಂದೆ ಕಾಲು ಮುರಿದುಕೊಂಡು ಆರು ವಾರ ಮಂಚದ ಮೇಲೆ ಬಿದ್ದಿದ್ದಾಗ ಶುರುವಾದ ಗೀಳು ಇದು. ಗ್ಲೇಜ್ ವಿಭಾಗದ ಹಳೆಯ ಯಂತ್ರದ ಕೈಪಿಡಿ ಸ್ಪ್ಯಾನಿಷ್‌ನಲ್ಲಿತ್ತು. ಇಪ್ಪತ್ತು ವರ್ಷದಿಂದ ಅದನ್ನು ಯಾರೂ ಓದಿರಲಿಲ್ಲ, ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡಲು ಮಾತ್ರ ಬಳಸುತ್ತಿದ್ದರು. ಮೇಸ್ತ್ರಿ ಅದನ್ನು ಮನೆಗೆ ತರಿಸಿಕೊಂಡು, ಫೋನಿನಲ್ಲಿ ಪದಚೀಟಿಗಳ ಆ್ಯಪ್ ಹಾಕಿಕೊಂಡ. ಚೀಟಿಯ ಮುಂದೆ ಸ್ಪ್ಯಾನಿಷ್ ಪದ, ಹಿಂದೆ ಅರ್ಥ. ಅರ್ಥ ನೆನಪಾಯಿತೋ ಇಲ್ಲವೋ ಎಂದು ನಾವೇ ಪ್ರಾಮಾಣಿಕವಾಗಿ ಒಂದು ಗುಂಡಿ ಒತ್ತಬೇಕು: ‘ಮತ್ತೆ’, ‘ಕಷ್ಟ’, ‘ಸರಿ’, ‘ಸುಲಭ’. ಮರೆತ ಪದ ಬೇಗ ತಿರುಗಿ ಬರುತ್ತದೆ. ನೆನಪಿದ್ದದ್ದು ನಾಳೆ, ಆಮೇಲೆ ನಾಲ್ಕು ದಿನಕ್ಕೆ, ಆಮೇಲೆ ಹತ್ತು ದಿನಕ್ಕೆ, ತಿಂಗಳಿಗೆ, ಹೀಗೆ ದೂರ ದೂರಕ್ಕೆ ಸರಿಯುತ್ತ ಹೋಗುತ್ತದೆ. ಮರೆಯುವ ಅಂಚಿಗೆ ಬಂದಾಗ ಬಂದು ತಟ್ಟಿ ಎಬ್ಬಿಸುವ ಏರ್ಪಾಡು.

ಏರ್ಪಾಡು ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ‘ಪ್ರಾಮಾಣಿಕವಾಗಿ’ ಎಂಬಲ್ಲಿ. ಮೂವತ್ತು ವರ್ಷ ಮೇಸ್ತ್ರಿಗಿರಿ ಮಾಡಿದವನು ಒಂದು ಫೋನಿನ ಮುಂದೆ ‘ಮತ್ತೆ’ ಎಂದು ಒಪ್ಪಿಕೊಳ್ಳುವುದುಂಟೇ. ಅವನ ಹೆಬ್ಬೆರಳಿಗೆ ‘ಸುಲಭ’ ಎಂಬ ಗುಂಡಿಯೊಂದೇ ಗೊತ್ತಿತ್ತು. ಪದ ಗೊತ್ತಿದ್ದರೆ ‘ಸುಲಭ’. ಅರೆಬರೆ ಗೊತ್ತಿದ್ದರೂ ‘ಸುಲಭ’. ಏನೇನೂ ಗೊತ್ತಿಲ್ಲದಿದ್ದರೆ ಚೀಟಿ ತಿರುಗಿಸಿ ನೋಡಿ, "ಓ, ಇದಾ," ಎಂದು ಇನ್ನೂ ಜೋರಾಗಿ ‘ಸುಲಭ’. ಆ್ಯಪ್ ಪಾಪದ್ದು, ಹೇಳಿದ್ದನ್ನು ನಂಬುತ್ತದೆ. ಪದಗಳನ್ನು ಒಂದು ವರ್ಷ, ಎರಡು ವರ್ಷ ಆಚೆಗೆ ಗಡೀಪಾರು ಮಾಡಿತು. ಎಣಿಕೆ ಏರಿತು. ಸಹೋದ್ಯೋಗಿಗಳು ಅವನಿಗೆ ‘ನಿಘಂಟಪ್ಪ’ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದು ಎಂದು ತಿಳಿದುಕೊಂಡ.

ಅವನ ಹೆಂಡತಿ ಮಾತ್ರ ಒಂದು ದಿನ ತಟ್ಟೆ ಒರೆಸುತ್ತ ಕೇಳಿದಳು. "ಅಲ್ಲಾರೀ, ಆರು ಸಾವಿರ ಬರುತ್ತೆ ಅಂತೀರಲ್ಲ. ಎರಡು ವರ್ಷದಲ್ಲಿ ಒಂದಾದ್ರೂ ಬಾಯಿಂದ ಆಚೆ ಬಂದಿದ್ದು ಕೇಳಲಿಲ್ಲ ನಾನು."

"ಅದು ಒಳಗಿರುತ್ತೆ ಕಣೇ. ವಿದ್ಯೆ."

"ಇರಲಿ ಬಿಡಿ. ಹುಷಾರು, ಜೀರ್ಣ ಆಗ್ದೆ ಇದ್ರೆ ಕಷ್ಟ."

ಹೀಗಿರುವಾಗ ಕಾರ್ಖಾನೆಯವರು ಹೊಸ ಗ್ಲೇಜ್ ಯಂತ್ರ ತರಿಸಲು ತೀರ್ಮಾನಿಸಿದರು. ಒಲೆಗೆ ಹೋಗುವ ಮುಂಚೆ ಟೈಲ್ಸಿನ ಮೇಲೆ ಮೆರುಗನ್ನು ಸಿಂಪಡಿಸುವ, ಅರುವತ್ತು ಅಡಿ ಉದ್ದದ, ಮೂವತ್ತೆರಡು ನಾಜಲ್‌ಗಳ, ಅಂದರೆ ಸಣ್ಣ ತೂತಿನ ಮೂತಿಗಳ, ಆನೆಯಂಥ ಯಂತ್ರ. ಅದರ ಜೊತೆ ಅದನ್ನು ಜೋಡಿಸಿ ಕಲಿಸಿಕೊಡಲು ಒಬ್ಬ ಫಿಟ್ಟರ್ ಬರುತ್ತಾನೆ, ಅವನಿಗೆ ಸ್ಪ್ಯಾನಿಷ್ ಬಿಟ್ಟರೆ ದೇವರಾಣೆಗೂ ಬೇರೆ ಭಾಷೆ ಬರುವುದಿಲ್ಲ ಎಂದು ಪತ್ರ ಬಂತು. ಮ್ಯಾನೇಜರು ದುಭಾಷಿಯೊಬ್ಬನನ್ನು ಗೊತ್ತುಮಾಡಲು ಫೋನು ಕೈಗೆತ್ತಿಕೊಂಡಿದ್ದರು. ಆಗ ಮೇಸ್ತ್ರಿಯ ನಾಲಿಗೆ ಅವನನ್ನು ಕೇಳದೆ ಎದ್ದು ನಿಂತಿತು.

"ದುಭಾಷಿ ಯಾಕೆ ಸಾರ್, ನಾನಿಲ್ವಾ."

"ನಿನಗೆ ಬರುತ್ತಾ?"

ಮೇಸ್ತ್ರಿ ಫೋನು ತೆಗೆದು ಸಂಖ್ಯೆ ತೋರಿಸಿದ.

ಮ್ಯಾನೇಜರಿಗೆ ಸಂಖ್ಯೆ ಎಂದರೆ ಭಕ್ತಿ. ದುಭಾಷಿಗೆ ಫೋನು ಮಾಡುವುದನ್ನು ಅಲ್ಲೇ ಕೈಬಿಟ್ಟರು. "ಹಾಗಾದ್ರೆ ಹೊಸ ಲೈನಿಗೆ ನೀನೇ ಇನ್‌ಚಾರ್ಜ್. ಕೈ ಕೊಟ್ಟೆ ಅಂದ್ರೆ ಮಾತ್ರ ನಮ್ಮ ಷಡ್ಡಕನನ್ನ ಕೂರಿಸ್ತೀನಿ, ನೀನು ಒಡೆದ ಟೈಲ್ಸಿನ ಗೋಡೌನಿಗೆ ಹೋಗು," ಎಂದರು. ಮ್ಯಾನೇಜರ ಷಡ್ಡಕ, ಅಂದರೆ ಅವರ ನಾದಿನಿಯ ಗಂಡ, ಮೂರು ತಿಂಗಳಿಂದ ಆಫೀಸಿನಲ್ಲಿ ಒಂದು ಕುರ್ಚಿಯನ್ನು ಬಿಸಿಯಾಗಿಡುವ ಕೆಲಸದಲ್ಲಿದ್ದ. ಒಡೆದ ಟೈಲ್ಸಿನ ಗೋಡೌನೆಂದರೆ ಇಲಿಯೂ ಮೂಗು ಮುಚ್ಚಿಕೊಂಡು ಓಡಾಡುವ ಜಾಗ.

ಅಷ್ಟರಲ್ಲೇ ಸ್ವತಃ ಆ ಫಿಟ್ಟರನ ಫೋನು ಬಂತು. ಮ್ಯಾನೇಜರು ಸ್ಪೀಕರ್ ಹಾಕಿದರು. ಫೋನಿನಿಂದ ಜಲ್ಲಿ ಲಾರಿ ಮಗುಚಿದಂಥ ಒಂದು ಸದ್ದು ನಾಲ್ಕು ನಿಮಿಷ ಬಂತು. ಅದರಲ್ಲಿ ಪದಗಳ ನಡುವೆ ಜಾಗವೇ ಇರಲಿಲ್ಲ. ಚೀಟಿಯ ಮೇಲೆ ಒಂದೊಂದಾಗಿ ಸ್ನಾನ ಮಾಡಿ, ತಲೆ ಬಾಚಿ ಕೂತಿರುತ್ತಿದ್ದ ಪದಗಳು ಇಲ್ಲಿ ಒಂದರ ಬೆನ್ನ ಮೇಲೊಂದು ಹತ್ತಿ, ಕೈಕಾಲು ಸಿಕ್ಕಿಸಿಕೊಂಡು ಉರುಳುತ್ತಿದ್ದವು. ಮೇಸ್ತ್ರಿಗೆ ಗುರುತು ಸಿಕ್ಕಿದ್ದು ‘ಸಿ’, ಅಂದರೆ ಹೌದು. ಅದೂ ಎರಡು ಸಲ. ಅವನೂ "ಸಿ, ಸಿ" ಎಂದು ತಲೆಯಾಡಿಸಿದ. ಆ ಕಡೆಯವನಿಗೆ ಸಮಾಧಾನವಾಗಿ ಫೋನಿಟ್ಟ.

"ಏನಂದ?" ಮ್ಯಾನೇಜರು ಕೇಳಿದರು.

"ಎಲ್ಲಾ ಸರಿ ಇದೆ, ಬರ್ತೀನಿ ಅಂದ ಸಾರ್."

"ನಾಲ್ಕು ನಿಮಿಷ ಅದನ್ನೇ ಹೇಳಿದ್ನಾ?"

"ತುಂಬ ವಿನಯದ ಭಾಷೆ ಸಾರ್ ಅದು."

ಮ್ಯಾನೇಜರ ಫೋನು ಎಲ್ಲ ಕರೆಗಳನ್ನೂ ರೆಕಾರ್ಡ್ ಮಾಡುತ್ತಿತ್ತು. "ನೆನಪಿಗಿರಲಿ, ಇಟ್ಕೋ," ಎಂದು ಆ ರೆಕಾರ್ಡನ್ನು ಮೇಸ್ತ್ರಿಗೆ ಕಳಿಸಿದರು. ಫಿಟ್ಟರ್ ಯಂತ್ರದ ಬಗ್ಗೆ ಮಾತಾಡಿ ಮಾಡಿದ್ದ ಹದಿನಾಲ್ಕು ವಿಡಿಯೊಗಳನ್ನೂ ಕಳಿಸಿದರು. ಯಂತ್ರ ಬರಲು ಎಂಟು ವಾರ ಇತ್ತು. ಮೇಸ್ತ್ರಿ ಆ ಸಂಜೆ ಮನೆಗೆ ಹೋಗಿ ರೆಕಾರ್ಡನ್ನು ಹತ್ತು ಸಲ ಕೇಳಿದ. ಹತ್ತನೆಯ ಸಲ ಒಂದು ‘ಸಿ’ ಕೂಡ ಕೈತಪ್ಪಿತು. ಅದು ‘ಹೌದು’ ಅಲ್ಲವೇನೋ ಎಂಬ ಅನುಮಾನ ಬಂತು. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಮಲಗಿದ.

ಊರಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಶನಿವಾರ ನಾಲ್ಕು ಗಂಟೆಗೆ ಒಂದು ಮೇಜಿನ ಸುತ್ತ ಸ್ವಂತವಾಗಿ ಭಾಷೆ ಕಲಿಯುವ ದೊಡ್ಡವರು ಐದಾರು ಜನ ಸೇರುತ್ತಿದ್ದರು. ಅವರ ಪೈಕಿ ಎಲ್ಲರೂ ಹೆದರುತ್ತಿದ್ದುದು ಶೀಘ್ರಲಿಪಿಯಮ್ಮನಿಗೆ. ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಕೂತು ಜನರ ಸುಳ್ಳುಗಳನ್ನು ಅಕ್ಷರ ಬಿಡದೆ ಬರೆದುಕೊಂಡು ನಿವೃತ್ತರಾದವರು. ಅರವತ್ತೊಂದನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಶುರುಮಾಡಿ, ಈಗ ಆ ಭಾಷೆಯ ಧಾರಾವಾಹಿಗಳನ್ನು ಉಲ್ಲನ್ ಹೆಣೆಯುತ್ತ, ಪರದೆಯತ್ತ ತಿರುಗಿಯೂ ನೋಡದೆ ಅನುಭವಿಸುತ್ತಿದ್ದರು. ಸೊಳ್ಳೆ ಸ್ಪ್ಯಾನಿಷ್‌ನಲ್ಲಿ ಗುಂಯ್‌ಗುಟ್ಟಿದರೂ ಅದು ಯಾವ ಊರಿನ ಸೊಳ್ಳೆ ಎಂದು ಹೇಳಬಲ್ಲರು ಎಂದು ಪ್ರತೀತಿ.

ಆ ಶನಿವಾರ ಅಲ್ಲಿಗೆ ಹೋದ ಮೇಸ್ತ್ರಿ ವಾಡಿಕೆಯಂತೆ ಮೊದಲು ಫೋನಿನ ಸಂಖ್ಯೆ ತೋರಿಸಿದ. ಅಮ್ಮ ಫೋನು ಇಸಿದುಕೊಂಡರು. "ಇಪ್ಪತ್ತು ಪದ ಓದ್ತೀನಿ. ಅರ್ಥ ಹೇಳಿ ಮೇಸ್ತ್ರಿಗಳೇ."

ಓದಿದರು. ಮೇಸ್ತ್ರಿಗೆ ಮೂರು ಗೊತ್ತಾಯಿತು: ಹೌದು, ಇಲ್ಲ, ಧನ್ಯವಾದ.

"ಇದು ನಮ್ಮ ಪಕ್ಕದ ಮನೆ ನಾಯಿಗೂ ಬರುತ್ತೆ," ಎಂದು ಅಮ್ಮ ಅದೇ ಇಪ್ಪತ್ತನ್ನು ಬರೆದದ್ದು ತೋರಿಸಿದರು. ಕಣ್ಣಿಗೆ ಕಂಡ ಮೇಲೆ ಹನ್ನೆರಡು ಗೊತ್ತಾಯಿತು. "ಉಳಿದ ಎಂಟು?"

"ಸುಲಭ ಅಂತ ಒತ್ತಿದ್ದೆ ಅಮ್ಮಾ."

"ಕೋರ್ಟಲ್ಲಿ ಇದಕ್ಕೆ ಸುಳ್ಳು ಸಾಕ್ಷಿ ಅಂತಾರೆ. ಅಲ್ಲಾದ್ರೂ ಬೇರೆಯವರ ಮುಂದೆ ಹೇಳ್ತಾರೆ. ನೀವು ನಿಮಗೇ ಹೇಳ್ಕೊಂಡಿದ್ದೀರಿ." ಅಮ್ಮ ಕನ್ನಡಕ ತೆಗೆದರು. "ನೋಡಿ, ನೀವು ಕಣ್ಣಿಂದ ಕಲಿತಿದ್ದೀರಿ. ಅದೂ ಅರೆಬರೆ. ಕಿವಿಗೆ ಯಾರೂ ಹೇಳೇ ಇಲ್ಲ. ಆರು ಸಾವಿರ ಜನರ ಫೋಟೊ ನೋಡಿದವನನ್ನ ಕಣ್ಣು ಕಟ್ಟಿ ಸಂತೆಗೆ ಬಿಟ್ಟ ಹಾಗೆ."

"ಎಂಟು ವಾರ ಇದೆ."

"ಯಾತಕ್ಕೆ?"

ಯಾತಕ್ಕೆಂದು ಮೇಸ್ತ್ರಿ ಅರ್ಧ ಹೇಳಿದ. ಫಿಟ್ಟರ್ ಬರುತ್ತಾನೆ, ಇನ್‌ಚಾರ್ಜ್ ಪಟ್ಟ ಇದೆ, ಗೋಡೌನ್ ಇದೆ, ಫಿಟ್ಟರನ ಹದಿನಾಲ್ಕು ವಿಡಿಯೊ ಇವೆ ಎಂದ. ನಾಲ್ಕು ನಿಮಿಷದ ರೆಕಾರ್ಡಿನ ಸುದ್ದಿ ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಅಮ್ಮ ಅಲ್ಲೇ ಐದು ನಿಮಿಷದಲ್ಲಿ ಬಿಡಿಸಿ ಹೇಳಿ ಅವನ ಪ್ರಾಣ ಉಳಿಸುತ್ತಿದ್ದರು, ಈ ಕಥೆಯೂ ಮುಗಿಯುತ್ತಿತ್ತು. ಆದರೆ "ಎಲ್ಲಾ ಸರಿ ಇದೆ ಅಂದ" ಎಂಬ ತನ್ನ ಅನುವಾದವನ್ನು ಆ ಕನ್ನಡಕದ ಮುಂದೆ ಇಡುವ ಧೈರ್ಯ ಅವನಿಗಾಗಲಿಲ್ಲ.

ಅಮ್ಮ ಒಪ್ಪಿದರು. ಅವರ ಬಚ್ಚಲುಮನೆಯಲ್ಲಿ ಹನ್ನೊಂದು ವರ್ಷದಿಂದ ಅಲ್ಲಾಡುತ್ತಿದ್ದ ಒಂದು ಟೈಲನ್ನು ಕೂರಿಸಿಕೊಡಬೇಕು, ಅದೇ ಗುರುದಕ್ಷಿಣೆ. ಮೊದಲ ಆಜ್ಞೆ, ಆರು ಸಾವಿರದ ಇನ್ನೂರ ಹನ್ನೊಂದು ಚೀಟಿಗಳನ್ನೂ ಅಳಿಸಿಹಾಕಬೇಕು. ಅಳಿಸುವ ಗುಂಡಿ ಒತ್ತುವಾಗ ಮೇಸ್ತ್ರಿಯ ಮುಖ ನೋಡಲಾಗದೆ ಮೇಜಿನ ಆಚೆ ಕೂತಿದ್ದ ಹಲ್ಲಿನ ಡಾಕ್ಟರು ಎದ್ದು ಹೋಗಿ ನೀರು ಕುಡಿದು ಬಂದರು. ದವಡೆ ಹಲ್ಲು ಕೀಳುವಾಗಲೂ ಇಂಥ ಮುಖ ಕಂಡಿರಲಿಲ್ಲವಂತೆ.

ಎರಡನೆಯ ಆಜ್ಞೆ ವಿಡಿಯೊಗಳದ್ದು. "ಆ ಫಿಟ್ಟರನ ದನಿಯೇ ನಿಮಗೆ ಬೇಕಾದದ್ದು. ಅವನ ಮಾತಲ್ಲಿ ಒಂದೇ ಒಂದು ನಿಮಿಷ ತಗೊಳ್ಳಿ. ಮೊದಲು ಸುಮ್ಮನೆ ಕೇಳಿ. ಆಮೇಲೆ ನಾನು ಅದನ್ನ ಬರೆದು ಕೊಡ್ತೀನಿ, ಅರ್ಥ ಮಾಡ್ಕೊಳ್ಳಿ. ಅರ್ಥ ಆದ ಮೇಲೆ, ಬರೆದಿದ್ದು ನೋಡ್ಕೊಂಡು ಅವನ ಹಿಂದೆ ಹಿಂದೆ ಹೇಳಿ. ಅವನು ನಿಲ್ಲಿಸೋವರೆಗೂ ಕಾಯಬಾರದು. ನೆರಳು ಹಿಂದೆ ಬರುತ್ತಲ್ಲ, ಅಷ್ಟೇ ಹಿಂದೆ. ಕೊನೆಗೆ ಕಾಗದ ಮಡಚಿಟ್ಟು ಹೇಳಿ."

"ಅರ್ಥ ಆಗ್ದೆ ಹೇಳಿದ್ರೆ?"

"ಗಿಣಿ ಆಗ್ತೀರಿ. ಗಿಣಿಗೆ ಯಾರೂ ಲೈನ್ ಇನ್‌ಚಾರ್ಜ್ ಕೊಡಲ್ಲ."

ಮೂರನೆಯದು, ಹಾಗೆ ಹೇಳಿದ ವಾಕ್ಯಗಳಲ್ಲಿ ಸಿಕ್ಕಿಬಿದ್ದ ಹೊಸ ಪದಗಳೇ ಹೊಸ ಚೀಟಿಗಳು. ಚೀಟಿಯ ಮುಂದೆ ಅಕ್ಷರ ಇಲ್ಲ, ಫಿಟ್ಟರ್ ಆಡಿದ ಆ ವಾಕ್ಯದ ಸದ್ದು ಮಾತ್ರ. ಹಿಂದೆ ಬರಹ, ಅರ್ಥ. ದಿನಕ್ಕೆ ಹತ್ತು ಹೊಸದು, ಹನ್ನೊಂದನೆಯದು ಮುಟ್ಟಬಾರದು. "ದಿನಕ್ಕೆ ಹತ್ತೇ ಸೇರಿಸಿದ್ರೂ, ತಿರುಗಿ ಬರೋವೆಲ್ಲ ಸೇರಿ ಮುಂದೆ ದಿನಾ ಎಂಬತ್ತು ತೊಂಬತ್ತಾಗಿ ಬಂದು ಬಾಗಿಲು ತಟ್ಟುತ್ತೆ. ದುರಾಸೆ ಬೇಡ. ಗೊತ್ತಾಗದಿದ್ರೆ ‘ಮತ್ತೆ’ ಒತ್ತಿ. ನಾಚಿಕೆ ಆದ್ರೆ ಕಣ್ಣು ಮುಚ್ಕೊಂಡು ಒತ್ತಿ."

ಮೊದಲ ವಾರ ಮೇಸ್ತ್ರಿ ‘ಮತ್ತೆ’ ಒತ್ತಿದ ರಭಸಕ್ಕೆ ಫೋನಿನ ಆ ಮೂಲೆ ಸವೆದು ಹಳ್ಳ ಬಿತ್ತು. ಕೆಲವು ಪದಗಳು ಎಷ್ಟು ಸಲ ಬಂದರೂ ತಲೆಗೆ ಹತ್ತಲಿಲ್ಲ. ಅವುಗಳ ಜೊತೆ ಗುದ್ದಾಡಬೇಡಿ, ತೆಗೆದಿಡಿ, ಇನ್ನೊಂದು ವಾಕ್ಯದಲ್ಲಿ ಸಿಕ್ಕಾಗ ನೋಡೋಣ ಎಂದರು ಅಮ್ಮ. ಬೆಳಗಿನ ಪಾಳಿಗೆ ಮುಂಚೆ ಅರ್ಧ ಗಂಟೆ ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾರ್ಖಾನೆಯ ಅಂಗಳದಲ್ಲಿ ಬಿರಬಿರನೆ ನಡೆಯುತ್ತ ಫಿಟ್ಟರನ ಹಿಂದೆ ಹಿಂದೆ ಗಟ್ಟಿಯಾಗಿ ಒದರುತ್ತಿದ್ದ. ಗೇಟಿನ ಕಾವಲುಗಾರ ಮೊದಲ ದಿನ ಜಗಳ ಎಂದುಕೊಂಡ, ಎರಡನೆಯ ದಿನ ಜ್ವರ ಎಂದುಕೊಂಡ, ಮೂರನೆಯ ದಿನ ಬಿಟ್ಟುಬಿಟ್ಟ. ಕೂತು ಹೇಳಿದರೆ ನಿದ್ದೆ ಬರುತ್ತಿತ್ತು. ನಡೆದರೆ ಮಾತಿನ ತಾಳ ಕಾಲಿಗೆ ಸಿಗುತ್ತಿತ್ತು. ಸಂಜೆ ತನ್ನ ದನಿಯನ್ನು ರೆಕಾರ್ಡ್ ಮಾಡಿ, ಫಿಟ್ಟರನ ದನಿಯ ಪಕ್ಕದಲ್ಲಿಟ್ಟು ಕೇಳುತ್ತಿದ್ದ. ಶುರುವಿನಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಕೊಳಲಿಗೂ ಹಿಟ್ಟಿನ ಗಿರಣಿಗೂ ಇರುವಷ್ಟು.

ಕಲಿತದ್ದರಲ್ಲಿ ಮುಖ್ಯವಾದದ್ದು ಪದಗಳು ಹೇಗೆ ಕರಗುತ್ತವೆ ಎಂಬುದು. ‘ಅಫ್ಲೊಹಾರ್’ ಎಂದರೆ ಸಡಿಲವಾಗುವುದು, ಅವನ ಹಳೆಯ ಆರು ಸಾವಿರದಲ್ಲಿ ಅದೂ ಇತ್ತು. ಆದರೆ ಫಿಟ್ಟರ್ ‘ಸಡಿಲವಾಗಿದೆ’ ಎನ್ನುವಾಗ ಮೂರು ಪದ ಒಂದೇ ಗುಟುಕಾಗಿ ‘ಸಾಫ್ಲೊಹಾವೊ’ ಎಂದು ಉರುಳುತ್ತಿತ್ತು. ಕಾಗದದಲ್ಲಿ ಅದನ್ನು ಸಾವಿರ ಸಲ ನೋಡಿದರೂ ಕಿವಿ ಹಿಡಿಯುತ್ತಿರಲಿಲ್ಲ. ತನ್ನ ಬಾಯಲ್ಲೇ ನಲವತ್ತು ಸಲ ಹಾಗೆ ಉರುಳಿಸಿದ ಮೇಲೆ, ಬೇರೆ ವಿಡಿಯೊದಲ್ಲಿ ಅದು ಬಂದಾಗ ಕಿವಿ ತಾನೇ ನೆಟ್ಟಗಾಯಿತು.

ಫಿಟ್ಟರನಿಗೆ ಒಂದು ಚಾಳಿ ಇತ್ತು. ಪ್ರತಿ ವಿಡಿಯೊದ ಕೊನೆಗೆ ನಾಜಲ್ ತೊಳೆಯುವುದನ್ನು ತೋರಿಸಿ, ನಾಲಿಗೆಯಿಂದ ಒಮ್ಮೆ ಲೊಚ್ ಎಂದು, ಗೂಬೆಯಂತೆ ಎರಡು ಸಲ ಕೆಮ್ಮಿ, "ಲುಎಗೊ ನೊ ಮೆ ಯಾಮೆಯ್ಸ್ ಯೊರಾಂದೊ" ಎನ್ನುತ್ತಿದ್ದ. ಆಮೇಲೆ ಅಳುತ್ತಾ ನನಗೆ ಫೋನ್ ಮಾಡಬೇಡಿ ಎಂದರ್ಥ. ನೆರಳಿಗೆ ಆಯ್ಕೆ ಇರುವುದಿಲ್ಲವಲ್ಲ. ಮೇಸ್ತ್ರಿ ಮಾತಿನ ಜೊತೆ ಲೊಚಗುಟ್ಟುವುದನ್ನೂ ಕಲಿತ, ಕೆಮ್ಮನ್ನೂ ಕಲಿತ. ನಾಲ್ಕನೆಯ ವಾರಕ್ಕೆ ಊಟದ ನಡುವೆ ಕೆಮ್ಮತೊಡಗಿದ.

"ಶೀತ ಆಗಿದೆಯೇನ್ರೀ?" ಹೆಂಡತಿ ಕೇಳಿದಳು.

"ಇಲ್ಲ. ಇದು ಪಾಠ."

"ಕೆಮ್ಮಕ್ಕೂ ಪಾಠ ಇದೆಯಾ. ನಮ್ಮಪ್ಪ ಪುಕ್ಕಟೆ ಕೆಮ್ಮುತಿದ್ರು."

ನಲವತ್ತಮೂರನೆಯ ದಿನ ಬೆಳಗ್ಗೆ ಅಂಗಳದಲ್ಲಿ ನಡೆಯುವಾಗ ವಿಡಿಯೊ ಮುಗಿದು, ಫೋನು ತನ್ನಷ್ಟಕ್ಕೆ ಮುಂದಿನದಕ್ಕೆ ಜಾರಿತು. ಅದು ಆ ನಾಲ್ಕು ನಿಮಿಷದ ಕರೆ. ಆರು ವಾರದಿಂದ ಮೇಸ್ತ್ರಿ ಅದರ ಹತ್ತಿರ ಸುಳಿದಿರಲಿಲ್ಲ. ಕೈ ಜೇಬಿಗೆ ಹೋಗುವಷ್ಟರಲ್ಲಿ ಬಾಯಿ ಅಭ್ಯಾಸಬಲದಿಂದ ಹಿಂದೆ ಹಿಂದೆ ಹೇಳಲು ಶುರುಮಾಡಿತ್ತು. ಫೋನಿನ ಗರಗರ ದನಿ, ಆದರೆ ಅದೇ ಗಂಟಲು, ಅದೇ ಲೊಚ್. ಜಲ್ಲಿ ಲಾರಿ ಅವನ ಕಣ್ಣೆದುರೇ ಕಲ್ಲು ಕಲ್ಲಾಗಿ ಬಿಡಿಸಿಕೊಂಡಿತು. ಎಲ್ಲವೂ ಅಲ್ಲ, ಹತ್ತಕ್ಕೆ ಏಳು. ಏಳು ಸಾಕಿತ್ತು.

"ಸಿನ್ ದೆಸಾಗ್ವೆ ನೊ ಆಬ್ರೊ ನಿ ಊನಾ ಕಾಹಾ," ಎಂದಿತು ಫೋನು. "ಕಾಹಾ," ಎಂದು ಮುಗಿಸಿದ ಮೇಸ್ತ್ರಿ ನಿಂತಲ್ಲೇ ನಿಂತ.

ಚರಂಡಿ ಇಲ್ಲದಿದ್ದರೆ ಒಂದು ಪೆಟ್ಟಿಗೆಯನ್ನೂ ಬಿಚ್ಚುವುದಿಲ್ಲ.

ನಾಲ್ಕು ನಿಮಿಷವೂ ಅದೇ ವಿಷಯ. ನಾಜಲ್ ತೊಳೆದ ನೀರು ಹರಿದುಹೋಗಲು ಯಂತ್ರದ ಉದ್ದಕ್ಕೂ ನೆಲ ಕೊರೆದು ಚರಂಡಿ ಮಾಡಿರಬೇಕು, ಇಳಿಜಾರು ಇಷ್ಟಿರಬೇಕು, ಕೊನೆಗೆ ಗಸಿ ನಿಲ್ಲುವ ಗುಂಡಿ ಇರಬೇಕು. ಹೋದ ಸಲ ಒಬ್ಬರು ಹೀಗೇ ಕೈಕೊಟ್ಟರು, ನಾನು ಬಂದ ದಾರಿಯಲ್ಲೇ ವಾಪಸು ಹೋದೆ, ಅರ್ಥವಾಯಿತೇ ಎಂದು ಎರಡು ಸಲ ಕೇಳಿದ್ದ. ಮೇಸ್ತ್ರಿ ಎರಡು ಸಲವೂ "ಸಿ" ಎಂದಿದ್ದ.

ಮನುಷ್ಯ ಕಿವಿ ಬರಲೆಂದು ಆರು ವಾರ ಬೆವರು ಸುರಿಸಿದ, ಕಿವಿ ಬಂದ ದಿನ ಮೊದಲು ಕೇಳಿಸಿದ್ದು ತನ್ನದೇ ಸುಳ್ಳು. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ‘ದೆಸಾಗ್ವೆ’, ಚರಂಡಿ, ಅವನ ಹಳೆಯ ಆರು ಸಾವಿರದಲ್ಲಿತ್ತು. ‘ಸುಲಭ’ ಎಂದು ಒತ್ತಿದ್ದು ಚೆನ್ನಾಗಿ ನೆನಪಿತ್ತು, ಯಾಕೆಂದರೆ ಮುಂದಿನ ಭೇಟಿ ಹದಿನಾಲ್ಕು ತಿಂಗಳ ಮೇಲೆ ಎಂದು ಫೋನು ಹೇಳಿದಾಗ ಅದನ್ನೂ ನಾಲ್ಕು ಜನಕ್ಕೆ ತೋರಿಸಿದ್ದ.

ಆ ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡ.

"ಸುಮ್ನೆ ಚರಂಡಿ ತೋಡಿಸಿಬಿಡಿ. ಯಾರಿಗೆ ಗೊತ್ತಾಗುತ್ತೆ."

"ಅರುವತ್ತು ಅಡಿ ಕಾಂಕ್ರೀಟ್ ನೆಲ ಕಣೇ. ಕರವಸ್ತ್ರದಲ್ಲಿ ಮುಚ್ಚಿಡೋಕಾಗುತ್ತಾ. ಒಡೆಯೋಕೆ ಮ್ಯಾನೇಜರ್ ಸಹಿ ಬೇಕು. ಯಾಕೆ ಅಂತ ಕೇಳ್ತಾರೆ."

"ಹೇಳಿ."

"ಹೇಳಿದ್ರೆ ಗೋಡೌನು."

"ಹೇಳದಿದ್ರೆ ಅವನು ಬರ್ತಾನೆ, ನೆಲ ನೋಡ್ತಾನೆ, ಹೋಗ್ತಾನೆ. ಆಗ ಗೋಡೌನೂ ಇಲ್ಲ, ಮನೆಲೇ ಇರ್ತೀರಿ. ದಿನಾ ಕೆಮ್ಮಿಕೊಂಡು. ಅದು ನನ್ನ ಕೈಲಾಗಲ್ಲ."

ಮರುದಿನ ಮೇಸ್ತ್ರಿ ಮ್ಯಾನೇಜರ ಮುಂದೆ ನಿಂತು ಚರಂಡಿಯ ವಿಷಯ ಹೇಳಿದ. ಷಡ್ಡಕ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಜರುಗಿದ.

"ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?"

"ಆವತ್ತು ಅರ್ಥ ಆಗಿರಲಿಲ್ಲ ಸಾರ್."

"ಮತ್ತೆ ಇವತ್ತು ಹೇಗೆ ಅರ್ಥ ಆಯ್ತು?"

"ಇವತ್ತು ಭಾಷೆ ಬರುತ್ತೆ ಸಾರ್."

ಮ್ಯಾನೇಜರು ಕ್ಯಾಲ್ಕುಲೇಟರ್ ಹತ್ತಿರಕ್ಕೆ ಎಳೆದುಕೊಂಡರು. "ಆರು ಸಾವಿರ ಪದ ಬರುತ್ತಿದ್ದಾಗ ಅರ್ಥ ಆಗ್ಲಿಲ್ಲ. ಈಗೆಷ್ಟು ಬರುತ್ತೆ?"

"ನಾನೂರ ಇಪ್ಪತ್ತು."

ಷಡ್ಡಕ ನಕ್ಕ. ಆ ನಗುವಿನಲ್ಲೇ ತೀರ್ಪಾಯಿತು. ಲೈನ್ ಇನ್‌ಚಾರ್ಜ್ ಷಡ್ಡಕ. ಚರಂಡಿ ಕೆಲಸದ ಮೇಲೆ ನಿಲ್ಲುವುದು ಮೇಸ್ತ್ರಿ. ಚರಂಡಿ ಮುಗಿದ ಮೇಲೆ ಗೋಡೌನು. ದುಭಾಷಿ ಸಿಗುವ ಕಾಲ ಮೀರಿತ್ತು. ಷಡ್ಡಕನ ಫೋನಿನಲ್ಲಿ ತಾನೇ ಅನುವಾದ ಮಾಡುವ ಆ್ಯಪ್ ಇತ್ತು, ಅದೇ ಸಾಕು ಎಂದಾಯಿತು.

ಹದಿಮೂರು ದಿನ ನೆಲ ಒಡೆಯುವ ಯಂತ್ರದ ಸದ್ದಿನಲ್ಲಿ ಮೇಸ್ತ್ರಿ ಚರಂಡಿ ಮಾಡಿಸಿದ. ಇಳಿಜಾರನ್ನು ರೆಕಾರ್ಡ್ ಕೇಳಿ ಕೇಳಿ ಅಳತೆ ಹಿಡಿದ, ಅನುಮಾನ ಬಂದ ಎರಡು ಕಡೆ ನಾಚಿಕೆ ಬಿಟ್ಟು ಶೀಘ್ರಲಿಪಿಯಮ್ಮನಿಗೆ ಕೇಳಿಸಿದ. ಅವರು ಕೇಳಿ, "ಈ ‘ಸಿ ಸಿ’ ಅಂತ ಕೊನೆಗೆ ಒದರೋ ಪ್ರಾಣಿ ಯಾರು?" ಎಂದಷ್ಟೇ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. ಬೆಳಗಿನ ನೆರಳಾಟವನ್ನೂ ಚೀಟಿಗಳನ್ನೂ ಅವನು ಬಿಡಲಿಲ್ಲ. ಇನ್ನು ಯಾರಿಗಾಗಿ ಎಂದು ಕಾವಲುಗಾರ ಕೇಳಿದ್ದಕ್ಕೆ, "ಗೋಡೌನಲ್ಲಿ ಇಲಿಗಳಿವೆಯಲ್ಲ," ಎಂದ.

ಫಿಟ್ಟರ್ ಬಂದ. ದನಿ ಕೇಳಿದವರು ಆರಡಿ ಆಳನ್ನು ಎದುರುನೋಡುತ್ತಿದ್ದರು. ಬಂದದ್ದು ಟೈಲ್ಸ್ ಪೆಟ್ಟಿಗೆಯ ಹಿಂದೆ ನಿಂತರೆ ಹುಡುಕಬೇಕಾದಷ್ಟು ಎತ್ತರದವನು. ನೇರ ಹೋಗಿ ಚರಂಡಿಗೆ ಒಂದು ಬಕೆಟ್ ನೀರು ಸುರಿದು, ಅದು ಓಡಿದ್ದನ್ನು ಕೊನೆಯವರೆಗೂ ನೋಡಿ, ತಲೆಯಾಡಿಸಿ ಏನೋ ಹೇಳಿದ. ಷಡ್ಡಕ ಫೋನು ಮುಂದೆ ಚಾಚಿದ. ಪಕ್ಕದಲ್ಲಿ ಏರ್ ಕಂಪ್ರೆಸರ್ ಒದರುತ್ತಿತ್ತು. ಫೋನು ಎರಡನ್ನೂ ಸೇರಿಸಿ ಅನುವಾದಿಸಿ, "ನಿಮ್ಮ ಅತ್ತೆ ಸಂತೋಷವಾಗಿ ಹರಿಯುತ್ತಿದ್ದಾರೆ," ಎಂದಿತು. ಮ್ಯಾನೇಜರ ಅತ್ತೆಯೂ ಅವರೇ ಆಗಿದ್ದರಿಂದ ಯಾರೂ ನಗಲಿಲ್ಲ.

ಮೇಸ್ತ್ರಿ ಹಿಂದಿನಿಂದ ಬಾಯಿ ಬಿಟ್ಟ. ನೀರು ಸರಿ ಹರಿಯುತ್ತಿದೆಯಲ್ಲ, ಪೆಟ್ಟಿಗೆ ಬಿಚ್ಚೋಣವೇ ಎಂದು ಕೇಳಿದ. ಕೇಳುವ ಮುಂಚೆ ಲೊಚ್ ಎಂದ. ಕೇಳಿದ ಮೇಲೆ ಎರಡು ಸಲ ಕೆಮ್ಮಿದ.

ಫಿಟ್ಟರ್ ತಿರುಗಿದ. ತನ್ನದೇ ದನಿ, ತನ್ನದೇ ಎಳೆತ, ತನ್ನದೇ ಕೆಮ್ಮು ಎದುರಿಗೆ ಮೀಸೆ ಬಿಟ್ಟುಕೊಂಡು ನಿಂತಿತ್ತು. ಅವನ ಕಿವಿ ಕೆಂಪಾಯಿತು. ನನ್ನನ್ನು ಅಣಕಿಸಲು ಇಷ್ಟು ದೂರ ಕರೆಸಿದಿರೇ ಎಂದು ಕೇಳಿ, ಚೀಲ ಎತ್ತಿಕೊಂಡು ಗೇಟಿನ ಕಡೆ ಹೊರಟೇಬಿಟ್ಟ. ಷಡ್ಡಕನ ಫೋನು "ಊಟ ಚೆನ್ನಾಗಿತ್ತು" ಎಂದಿತು.

ಮೇಸ್ತ್ರಿ ಹಿಂದೆ ಓಡಿದ. ಎಂಟು ವಾರ ಇವನ ಹಿಂದೆಯೇ ಅಲ್ಲವೇ ಓಡಿದ್ದು. ಐನೂರ ಚಿಲ್ಲರೆ ಪದಗಳಲ್ಲಿ ಸಿಕ್ಕಿದ್ದನ್ನು ಎತ್ತಿ ಎತ್ತಿ ಕೊಟ್ಟ: ಅಣಕ ಅಲ್ಲ, ನನಗೆ ಬೇರೆ ಗುರು ಇಲ್ಲ, ನಿನ್ನ ವಿಡಿಯೊ ಇದೆ, ದಿನಾ ಬೆಳಗ್ಗೆ ನೀನು ಹೇಳುತ್ತೀಯ, ನಾನು ನಡೆಯುತ್ತ ಹೇಳುತ್ತೇನೆ, ಕೆಮ್ಮು ಎಲ್ಲಿ ಮುಗಿದು ಭಾಷೆ ಎಲ್ಲಿ ಶುರುವಾಗುತ್ತದೆ ಅಂತ ನನಗೆ ತಿಳಿಯಲಿಲ್ಲ. ಫೋನು ತೆಗೆದು ಒಂದು ಚೀಟಿ ಒತ್ತಿದ. ಫಿಟ್ಟರನ ದನಿಯೇ, ಆಮೇಲೆ ಅಳುತ್ತಾ ಫೋನ್ ಮಾಡಬೇಡಿ, ಎಂದಿತು. ಫಿಟ್ಟರ್ ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದ. ಆಮೇಲೆ ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ಅದನ್ನು ಕೇಳಿ ಮೇಸ್ತ್ರಿಗೂ ತಡೆಯಲಾಗದೆ ಕೆಮ್ಮು ಬಂತು. ಗೇಟಿನ ಕಾವಲುಗಾರ ಮುಖಕ್ಕೆ ಬಟ್ಟೆ ಕಟ್ಟಿಕೊಂಡ.

ಹತ್ತು ದಿನ ಕೆಲಸ ನಡೆಯಿತು. ಇನ್‌ಚಾರ್ಜ್ ಎಂಬ ಬಿಲ್ಲೆ ಷಡ್ಡಕನ ಎದೆಯ ಮೇಲಿತ್ತು, ಮಾತೆಲ್ಲ ಮೇಸ್ತ್ರಿಯ ಜೊತೆ ನಡೆಯುತ್ತಿತ್ತು. ಮೇಸ್ತ್ರಿಗೆ ಎಲ್ಲ ತಿಳಿಯುತ್ತಿತ್ತು ಎಂದಲ್ಲ. ತಿಳಿಯದಾಗ ‘ಮತ್ತೆ’ ಎನ್ನುತ್ತಿದ್ದ, ಸ್ಪ್ಯಾನಿಷ್‌ನಲ್ಲಿ. ಎಂಟು ವಾರ ಒತ್ತಿದ ಗುಂಡಿ ಬಾಯಿಗೂ ಬಂದಿತ್ತು. ಎಂಟನೆಯ ದಿನ ಯಂತ್ರ ಓಡಿಸಿ ನೋಡುವಾಗ ಫಿಟ್ಟರ್ ಆಚೆ ತುದಿಯಿಂದ ಏನೋ ಕೂಗಿದ. ಮೇಸ್ತ್ರಿಯ ಕೈ ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿತು. ಆಮೇಲೆ, ಯಂತ್ರ ನಿಂತ ಮೇಲೆ, ‘ಸಾಫ್ಲೊಹಾವೊ’, ಬೆಲ್ಟ್ ಸಡಿಲವಾಗಿದೆ, ಎಂದು ತಲೆಗೆ ಹೊಳೆಯಿತು. ಷಡ್ಡಕನ ಫೋನು ಆಗಿನ್ನೂ ಯೋಚಿಸುತ್ತಿತ್ತು.

ಹೊರಡುವ ದಿನ ಒಂದು ಕಾಗದ ತುಂಬಬೇಕಿತ್ತು. ಯಂತ್ರ ನಡೆಸಲು ತರಬೇತಿ ಪಡೆದವನ ಹೆಸರು, ಸಹಿ. ಅದಿಲ್ಲದಿದ್ದರೆ ವಾರಂಟಿ ಇಲ್ಲ. ಷಡ್ಡಕ ಪೆನ್ನಿನ ಮುಚ್ಚಳ ತೆಗೆದ. ಫಿಟ್ಟರ್ ಕಾಗದದ ಮೇಲೆ ಕೈಯಿಟ್ಟು ಅವನಿಗೆ ಒಂದೇ ಪ್ರಶ್ನೆ ಕೇಳಿದ: ಪಾಳಿ ಮುಗಿದಾಗ ಮೊದಲು ಪಂಪ್ ನಿಲ್ಲಿಸಬೇಕೋ, ನಾಜಲ್ ತೊಳೆಯಬೇಕೋ. ಅವತ್ತು ಕಂಪ್ರೆಸರ್ ನಿಂತಿತ್ತು, ಫೋನು ಪ್ರಶ್ನೆಯನ್ನು ಚಾಚೂತಪ್ಪದೆ ಅನುವಾದಿಸಿತು. ಷಡ್ಡಕನಿಗೆ ಉತ್ತರ ಗೊತ್ತಿರಲಿಲ್ಲ. ಹತ್ತು ದಿನ ಅವನು ಯಂತ್ರ ನೋಡಿರಲಿಲ್ಲ, ಫೋನು ನೋಡುತ್ತಿದ್ದ.

ಕಾಗದದಲ್ಲಿ ಮೇಸ್ತ್ರಿಯ ಹೆಸರು ಬಿತ್ತು. ಮ್ಯಾನೇಜರು ವಾರಂಟಿಗೂ ನಾದಿನಿಗೂ ನಡುವೆ ಒಂದು ರಾತ್ರಿ ತೂಗಿ ನೋಡಿ ವಾರಂಟಿಯನ್ನು ಆರಿಸಿದರು. ಬಿಲ್ಲೆ ಮೇಸ್ತ್ರಿಯ ಎದೆಗೆ ಬಂತು. ಷಡ್ಡಕನನ್ನು ಗೋಡೌನಿಗೆ ಹಾಕಲಾದೀತೇ, ನಾದಿನಿ ಇದ್ದಾಳಲ್ಲ. ಎರಡನೆಯ ಪಾಳಿಯ ಮೇಲ್ವಿಚಾರಣೆಗೆ ಹಾಕಿದರು. ನಾಜಲ್ ತೊಳೆಸಬೇಕು, ಅಷ್ಟೇ ಕೆಲಸ.

ಫಿಟ್ಟರ್ ಹೋದ ಐದನೆಯ ವಾರ ಒಂದು ಬೆಳಗ್ಗೆ ಮೇಸ್ತ್ರಿ ಬಂದಾಗ ಯಂತ್ರ ಮಲಗಿತ್ತು. ಮೂವತ್ತೆರಡು ನಾಜಲ್‌ಗಳಲ್ಲೂ ಗ್ಲೇಜ್ ಗಟ್ಟಿಯಾಗಿ ಕಲ್ಲಾಗಿತ್ತು. ಹಿಂದಿನ ರಾತ್ರಿ ಎರಡನೆಯ ಪಾಳಿಯಲ್ಲಿ ಯಾರೂ ತೊಳೆದಿರಲಿಲ್ಲ. ಮ್ಯಾನೇಜರು ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದರು, ಪಕ್ಕದಲ್ಲಿ ಷಡ್ಡಕ ಬೂಟಿನ ತುದಿ ನೋಡಿಕೊಳ್ಳುತ್ತಿದ್ದ.

"ಆ ಫಿಟ್ಟರಿಗೆ ಫೋನ್ ಮಾಡಪ್ಪಾ," ಎಂದರು ಮ್ಯಾನೇಜರು.

ಮೇಸ್ತ್ರಿ ಒಂದು ನಾಜಲ್ ಬಿಚ್ಚಿ ಬೆಳಕಿಗೆ ಹಿಡಿದ. ಬಿಸಿನೀರಿನಲ್ಲಿ ಎರಡು ದಿನ ನೆನೆಸಿದರೆ ಬಿಡುತ್ತದೆ, ಹನ್ನೊಂದನೆಯ ವಿಡಿಯೊದಲ್ಲಿ ಇತ್ತು. ಅವನು ಮ್ಯಾನೇಜರನ್ನೊಮ್ಮೆ, ಷಡ್ಡಕನನ್ನೊಮ್ಮೆ ನೋಡಿದ. ಲೊಚ್ ಎಂದ. ಎರಡು ಸಲ ಕೆಮ್ಮಿದ.

"ಲುಎಗೊ ನೊ ಮೆ ಯಾಮೆಯ್ಸ್ ಯೊರಾಂದೊ."

"ಏನಂದೆ?"

"ಎಲ್ಲಾ ಸರಿ ಇದೆ ಅಂದೆ ಸಾರ್," ಎಂದ ಮೇಸ್ತ್ರಿ ಅಂಗಿಯ ತೋಳು ಮಡಚುತ್ತ. "ವಿನಯದ ಭಾಷೆ ಅದು."